ಮದುವೆಯಾದ ಮೇಲೆ D/o ಬರೆಯಬೇಕೆ, W/o ಬರೆಯಬೇಕೆ?

ಪ್ರಶ್ನೆ: ನನಗೆ ಮದುವೆಯಾಗಿ ಎರಡು ವರ್ಷ ಆಯ್ತು. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕ್ತಿದ್ದೀನಿ. ಅರ್ಜಿಯಲ್ಲಿ S/o, D/o, W/o ಅಂತ ಇರೋ ಕಡೆ ಅಪ್ಪನ ಹೆಸರು ಬರೀಬೇಕಾ, ಯಜಮಾನರ ಹೆಸರಾ? ಅಂಕಪಟ್ಟಿ, ಪ್ಯಾನ್ ಎರಡರಲ್ಲೂ ಅಪ್ಪನ ಹೆಸರಿದೆ. ಆಧಾರ್‌ನಲ್ಲಿ C/o ಅಂತ ಯಜಮಾನರ ಹೆಸರು ಬಂದಿದೆ. ಒಂದಕ್ಕೊಂದು ಹೊಂದಲ್ಲ ಅಂತ ಅರ್ಜಿ ತಿರಸ್ಕಾರ ಆಗುತ್ತಾ? ನಮ್ಮಮ್ಮನ ಪಹಣಿಯಲ್ಲಿ "ಕೋಂ" ಅಂತಿದೆ, ಅದೂ ಇದೇನಾ?

ಉತ್ತರ: ಉದ್ಯೋಗದ ಅರ್ಜಿಯಲ್ಲಿ D/o ಉಳಿಸಿಕೊಂಡು ತಂದೆಯ ಹೆಸರನ್ನು ಬರೆಯಿರಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಆ ಹೆಸರಿನ ಕಾಗುಣಿತ ಹೇಗಿದೆಯೋ ಹಾಗೆಯೇ ಇರಲಿ. ಆಧಾರ್‌ನಲ್ಲಿರುವ C/o ಬಗ್ಗೆ ಚಿಂತೆ ಬೇಡ, ಅದು ನಿಮ್ಮ ಅಂಕಪಟ್ಟಿಯನ್ನು ಸುಳ್ಳು ಮಾಡುವುದಿಲ್ಲ. ಎಚ್ಚರ ಬೇಕಿರುವುದು ಜಾತಿ ಪ್ರಮಾಣಪತ್ರದ ವಿಷಯದಲ್ಲಿ. ಅದನ್ನು ನೀವು ಕೇಳಿಲ್ಲವಾದರೂ ಕೆಳಗೆ ಸ್ವಲ್ಪ ವಿಸ್ತಾರವಾಗಿಯೇ ಬರೆದಿದ್ದೇನೆ.

ಮೊದಲು ಅಕ್ಷರಗಳ ಅರ್ಥ. S/o ಎಂದರೆ ಸನ್ ಆಫ್, ಇಂಥವರ ಮಗ. D/o ಎಂದರೆ ಡಾಟರ್ ಆಫ್, ಇಂಥವರ ಮಗಳು. W/o ಎಂದರೆ ವೈಫ್ ಆಫ್, ಇಂಥವರ ಹೆಂಡತಿ. ಓರೆಗೆರೆಯ ಹಿಂದೆ ಇರುವವರು ನೀವು, ಮುಂದೆ ಬರುವ ಹೆಸರು ಇನ್ನೊಬ್ಬರದು. "ಕಾವ್ಯ D/o ಶಂಕರಪ್ಪ" ಎಂದರೆ ಶಂಕರಪ್ಪನವರ ಮಗಳು ಕಾವ್ಯ. ಇದನ್ನು ಬಿಡಿಸಿ ಹೇಳಲು ಕಾರಣವಿದೆ. S/o ಎಂಬುದನ್ನು ನೋಡಿ ತಮ್ಮ ಮಗನ ಹೆಸರನ್ನೇ ಬರೆದುಬಿಡುವ ತಾಯಂದಿರನ್ನು, ತಂದೆಯರನ್ನು ನಾನು ಬಹಳ ಸಲ ಕಂಡಿದ್ದೇನೆ. ಫಾರಂ ಕೇಳುವುದು ನಿಮಗೆ ಮಗ ಯಾರು ಎಂದಲ್ಲ, ನೀವು ಯಾರ ಮಗ ಅಥವಾ ಮಗಳು ಎಂದು.

ಮುದ್ರಿತ ಫಾರಂನಲ್ಲಿ ಮೂರನ್ನೂ ಒಟ್ಟಿಗೆ ಕೊಟ್ಟಿದ್ದರೆ ನಿಮಗೆ ಅನ್ವಯಿಸದ ಎರಡನ್ನು ಅಡ್ಡಗೆರೆ ಎಳೆದು ಹೊಡೆದುಹಾಕಬೇಕು. ಸುಮ್ಮನೆ ಒಂದು ಹೆಸರು ಬರೆದು ಬಿಟ್ಟರೆ ಓದುವವರಿಗೆ ಅದು ತಂದೆಯೋ ಗಂಡನೋ ತಿಳಿಯುವುದಿಲ್ಲ. ಮುಂದೆ ಅದನ್ನು ಕಂಪ್ಯೂಟರಿಗೆ ಏರಿಸುವವರು ತಮಗೆ ತೋಚಿದ್ದನ್ನು ಆರಿಸುತ್ತಾರೆ. ಮಹಿಳೆಯ ಹೆಸರಿನ ಮುಂದೆ ಗಂಡಸಿನ ಹೆಸರು ಕಂಡರೆ ಗಂಡ ಎಂದೇ ಊಹಿಸುವುದು ರೂಢಿ. ನಿಮ್ಮ ತಂದೆಯ ಹೆಸರು ಗಂಡನ ಹೆಸರಿನ ಜಾಗಕ್ಕೆ ಹೋಗಿ ಕೂರುವುದು ಹೀಗೆ.

ಇನ್ನೊಂದು ಮಾತು ಮನಸ್ಸಿನಲ್ಲಿರಲಿ. ಈ ಅಕ್ಷರಗಳು ನಮ್ಮಲ್ಲಿ ಹೆಸರಿನ ಭಾಗವಲ್ಲ. ಸಿಂಗಾಪುರದ ತಮಿಳರ ಗುರುತಿನ ಪತ್ರಗಳಲ್ಲಿ s/o, d/o ಎಂಬುದು ಹೆಸರಿನೊಳಗೇ ಸೇರಿರುತ್ತದೆ. ಭಾರತದಲ್ಲಿ ಹಾಗಿಲ್ಲ. ಒಂದೇ ಹೆಸರಿನವರು ಒಂದೇ ಊರಿನಲ್ಲಿ ನಾಲ್ಕು ಜನ ಇದ್ದಾಗ ಇವರು ಯಾವ ಮನೆಯವರು ಎಂದು ಬೇರ್ಪಡಿಸುವುದಕ್ಕೆ ಇಟ್ಟುಕೊಂಡ ಗುರುತು ಇದು. ಆದ್ದರಿಂದ ಆನ್‌ಲೈನ್ ಅರ್ಜಿಯಲ್ಲಿ ಹೆಸರಿನ ಜಾಗದಲ್ಲಿ "ಕಾವ್ಯ D/o ಶಂಕರಪ್ಪ" ಎಂದು ತುಂಬಬೇಡಿ. ಹೆಸರಿನ ಜಾಗದಲ್ಲಿ ಓರೆಗೆರೆಯನ್ನು ಒಪ್ಪದ ತಾಣಗಳು ಬೇಕಾದಷ್ಟಿವೆ. ಗೆರೆ ಬಿಟ್ಟು ಅಕ್ಷರಗಳನ್ನು ಮಾತ್ರ ಹೊಡೆದರೆ "ಕಾವ್ಯ ಡಿಓ ಶಂಕರಪ್ಪ" ಎಂಬ ಹೊಸ ಹೆಸರೊಂದು ಹುಟ್ಟಿಕೊಳ್ಳುತ್ತದೆ, ಪ್ರವೇಶಪತ್ರದಲ್ಲೂ ಅದೇ ಅಚ್ಚಾಗಿ ಬರುತ್ತದೆ. ತಂದೆ ತೀರಿಕೊಂಡಿದ್ದರೆ ಅವರ ಹೆಸರಿನ ಹಿಂದೆ "ಲೇಟ್" ಸೇರಿಸುವ ಅಭ್ಯಾಸವೂ ಇಂಥದ್ದೇ. ಕೈಬರಹದ ಅರ್ಜಿಯಲ್ಲಿ ಅದರಿಂದ ತೊಂದರೆಯಿಲ್ಲ. ಆನ್‌ಲೈನ್‌ನಲ್ಲಿ ಬೇಡ, ಯಂತ್ರಕ್ಕೆ ಅದೂ ಹೆಸರಿನ ಒಂದು ಪದವೇ.

ಈಗ ನಿಮ್ಮ ಮುಖ್ಯ ಆತಂಕಕ್ಕೆ ಬರುತ್ತೇನೆ. ಮದುವೆಯಾದ ಹೆಣ್ಣುಮಗಳು ಏಕಕಾಲಕ್ಕೆ D/o ಕೂಡ ಹೌದು, W/o ಕೂಡ ಹೌದು. ಮದುವೆಯ ದಿನ ಒಂದು ಅಳಿದು ಇನ್ನೊಂದು ಬರುವುದಿಲ್ಲ. ಮದುವೆಯಾದ ಮೇಲೆ ಹೆಸರು ಬದಲಿಸಿಕೊಳ್ಳಬೇಕು, ಎಲ್ಲ ದಾಖಲೆಗಳಲ್ಲೂ ಗಂಡನ ಹೆಸರು ಹಾಕಿಸಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ. ಹಾಗಾಗಿ ಒಂದು ದಾಖಲೆಯಲ್ಲಿ ತಂದೆ, ಇನ್ನೊಂದರಲ್ಲಿ ಗಂಡ ಎಂದಿದ್ದರೆ ಅವು ಒಂದಕ್ಕೊಂದು ವಿರುದ್ಧವಾದ ಹೇಳಿಕೆಗಳಲ್ಲ. ಎರಡೂ ನಿಜ. ದಾಖಲೆ ಹೊಂದುವುದಿಲ್ಲ ಎಂದು ಹೇಳಬಹುದಾದದ್ದು ನಿಮ್ಮ ಸ್ವಂತ ಹೆಸರು ಅಥವಾ ಹುಟ್ಟಿದ ದಿನಾಂಕ ಬೇರೆ ಬೇರೆ ಇದ್ದಾಗ, ಇಲ್ಲವೇ ತಂದೆ ಎಂದೇ ಎರಡು ಕಡೆ ಎರಡು ಹೆಸರು ಇದ್ದಾಗ. ಪ್ಯಾನ್ ಮತ್ತು ಆಧಾರ್ ಜೋಡಣೆಯನ್ನೇ ನೋಡಿ. ಅಲ್ಲಿ ತಾಳೆ ನೋಡುವುದು ಹೆಸರು, ಹುಟ್ಟಿದ ದಿನಾಂಕ, ಲಿಂಗ ಈ ಮೂರನ್ನು. ತಂದೆ ಅಥವಾ ಗಂಡನ ಹೆಸರು ಆ ತಾಳೆಯಲ್ಲೇ ಇಲ್ಲ.

ಆಧಾರ್‌ನ C/o ಎಂದರೆ ಕೇರ್ ಆಫ್. ಇಂಥವರ ಮೂಲಕ ತಲುಪಿಸಿ ಎಂದು ಕಾಗದದ ಮೇಲೆ ಬರೆಯುತ್ತಿದ್ದೆವಲ್ಲ, ಅದೇ. ಹಿಂದೆ ಆಧಾರ್‌ನ ವಿಳಾಸದಲ್ಲಿ S/o, D/o, W/o ಎಂದು ಅಚ್ಚಾಗುತ್ತಿತ್ತು. ಈಗ ಆಧಾರ್ ಪ್ರಾಧಿಕಾರ ಅದನ್ನೆಲ್ಲ C/o ಎಂಬ ಒಂದೇ ರೂಪಕ್ಕೆ ತಂದಿದೆ. ಅದು ವಿಳಾಸದ ಭಾಗ, ತುಂಬುವುದು ಕಡ್ಡಾಯವೂ ಅಲ್ಲ. ಆದ್ದರಿಂದ C/o ಮುಂದೆ ಇರುವ ಹೆಸರು ಗಂಡನದೋ ತಂದೆಯದೋ ಮಾವನದೋ ಎಂದು ಆಧಾರ್ ಹೇಳುತ್ತಿಲ್ಲ. ಆಧಾರ್ ತೋರಿಸಿ ಸಂಬಂಧವನ್ನು ಸಾಬೀತು ಮಾಡಲಾಗುವುದಿಲ್ಲ, ಅದೇ ಆಧಾರ್ ಹಿಡಿದು ನಿಮ್ಮ ತಂದೆಯ ಹೆಸರು ತಪ್ಪು ಎನ್ನಲೂ ಆಗುವುದಿಲ್ಲ. ಪರಿಶೀಲನೆಯ ಮೇಜಿನಲ್ಲಿ ಯಾರಾದರೂ ತಕರಾರು ತೆಗೆದರೆ ಈ ಮಾತನ್ನು ವಿನಯದಿಂದಲೇ ಹೇಳಿ.

ಹಾಗಾದರೆ ಯಾವ ಅರ್ಜಿಗೆ ಯಾವ ಹೆಸರು? ಆ ಅರ್ಜಿಗೆ ಸಂಬಂಧದ ಹೆಸರು ಯಾಕೆ ಬೇಕಾಗಿದೆ ಎಂದು ಯೋಚಿಸಿದರೆ ಉತ್ತರ ತಾನೇ ಸಿಗುತ್ತದೆ. ಓದು, ಪರೀಕ್ಷೆ, ಉದ್ಯೋಗ, ತೆರಿಗೆ ಇವು ನಿಮ್ಮನ್ನು ಶಾಲೆಯ ದಿನದಿಂದ ಒಬ್ಬರೇ ವ್ಯಕ್ತಿಯಾಗಿ ಹಿಂಬಾಲಿಸುವ ದಾಖಲೆಗಳು. ಇವುಗಳ ಬೇರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿದೆ, ಅಲ್ಲಿರುವುದು ತಂದೆತಾಯಿಯ ಹೆಸರು. ಪ್ಯಾನ್ ಅರ್ಜಿಯಂತೂ ಮದುವೆಯಾದ ಮಹಿಳೆಯರಿಂದಲೂ ತಂದೆಯ ಹೆಸರನ್ನೇ ಕೇಳುತ್ತದೆ, ಗಂಡನ ಹೆಸರಿಗೆ ಅಲ್ಲಿ ಜಾಗವಿಲ್ಲ. ತಾಯಿಯೊಬ್ಬರೇ ಬೆಳೆಸಿದ ಮಕ್ಕಳು ತಾಯಿಯ ಹೆಸರು ಮಾತ್ರ ಕೊಟ್ಟು ಪ್ಯಾನ್ ಪಡೆಯಲು 2018ರ ಡಿಸೆಂಬರ್‌ನಿಂದ ಅವಕಾಶವಿದೆ. ಇನ್ನು ಮನೆ, ವಿಳಾಸ, ಕುಟುಂಬ ಇವುಗಳಿಗೆ ಸಂಬಂಧಿಸಿದ ದಾಖಲೆಗಳಲ್ಲಿ ಗಂಡನ ಹೆಸರು ಬರುವುದು ಸಹಜ. ಮತದಾರರ ಪಟ್ಟಿಯ ನಮೂನೆ 6ರಲ್ಲಿ ತಂದೆ, ತಾಯಿ, ಗಂಡ, ಹೆಂಡತಿ ಇವರಲ್ಲಿ ಯಾರಾದರೂ ಒಬ್ಬರ ಹೆಸರು ಸಾಕು. ಅನಾಥರಿಗೆ ಕಾನೂನುಬದ್ಧ ಪೋಷಕರ ಹೆಸರು, ತೃತೀಯ ಲಿಂಗಿಗಳಿಗೆ ಗುರುವಿನ ಹೆಸರು ಬರೆಯಲೂ ಅಲ್ಲಿ ಅವಕಾಶವಿದೆ. ಮದುವೆಯಾಗಿ ಬೇರೆ ಊರಿಗೆ ಹೋದವರು ನಮೂನೆ 8ರಲ್ಲಿ ವಿಳಾಸ ಬದಲಿಸಿಕೊಳ್ಳಬಹುದು, ತಿದ್ದುಪಡಿಗೂ ಅದೇ ನಮೂನೆ.

ಪಡಿತರ ಚೀಟಿಯ ವಿಷಯ ಹೇಳದೆ ಮುಂದಕ್ಕೆ ಹೋಗಲು ಮನಸ್ಸಿಲ್ಲ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಮನೆಯಲ್ಲಿ 18 ತುಂಬಿದ ಮಹಿಳೆಯರಲ್ಲಿ ಹಿರಿಯಳೇ ಪಡಿತರ ಚೀಟಿಗೆ ಮುಖ್ಯಸ್ಥೆ. ಉಳಿದವರ ಸಂಬಂಧವನ್ನು ಅವಳಿಂದ ಎಣಿಸಿ ಬರೆಯುತ್ತಾರೆ. ಬೇರೆ ಫಾರಂಗಳಲ್ಲಿ ಹೆಂಡತಿ ಗಂಡನ ಹೆಸರಿನಿಂದ ಗುರುತಾದರೆ ಇಲ್ಲಿ ಗಂಡನೇ ಹೆಂಡತಿಯಿಂದ ಗುರುತಾಗುತ್ತಾನೆ. ಯಾರ ಹೆಸರು ಆಧಾರವಾಗುತ್ತದೆ ಎಂಬುದನ್ನು ನಿರ್ಧರಿಸುವುದು ಆಯಾ ದಾಖಲೆಯ ಉದ್ದೇಶ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನು ಜಾತಿ ಪ್ರಮಾಣಪತ್ರ. ಒಂದು ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ. ಕಾವ್ಯ ಎಂಬ ಹುಡುಗಿ, ತಂದೆ ಶಂಕರಪ್ಪ, ಗಂಡ ಮಂಜುನಾಥ ಎಂದುಕೊಳ್ಳಿ. ಮದುವೆಯಾಗಿ ಬೇರೆ ತಾಲ್ಲೂಕಿಗೆ ಬಂದಿದ್ದಾಳೆ. ಮೀಸಲಾತಿ ಕೋರಿ ಕೆಲಸಕ್ಕೆ ಅರ್ಜಿ ಹಾಕಲು ಗಂಡನ ಊರಿನ ನಾಡಕಚೇರಿಗೆ ಹೋಗಿ ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಕೊಡುತ್ತಾಳೆ. ಕೌಂಟರಿನಲ್ಲಿರುವವರು ಆಧಾರ್ ಕೇಳುತ್ತಾರೆ. ಅದರಲ್ಲಿ C/o ಮಂಜುನಾಥ ಎಂದಿದೆ. ತಂದೆ ಅಥವಾ ಗಂಡ ಎಂದಿರುವ ಜಾಗದಲ್ಲಿ ಮಂಜುನಾಥ ಎಂದು ಟೈಪಾಗುತ್ತದೆ. ಕೆಲವು ದಿನಗಳಲ್ಲಿ ಪ್ರಮಾಣಪತ್ರ ಕೈಗೆ ಬರುತ್ತದೆ: "ಶ್ರೀಮತಿ ಕಾವ್ಯ, ಕೋಂ ಮಂಜುನಾಥ, ಇಂಥ ಜಾತಿಗೆ ಸೇರಿದವರು." ಆಕೆಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ, ಗಂಡನ ಹೆಸರು ಸರಿಯಾಗಿಯೇ ಇದೆಯಲ್ಲ.

ತೊಡಕು ಎಲ್ಲಿದೆ ಎಂದರೆ, ಜಾತಿ ಹುಟ್ಟಿನಿಂದ ಬರುವುದು, ಮದುವೆಯಿಂದ ಬದಲಾಗುವುದಿಲ್ಲ. ಸುಪ್ರೀಂ ಕೋರ್ಟ್ 2018ರಲ್ಲಿ ಸುನೀತಾ ಸಿಂಗ್ ಪ್ರಕರಣದಲ್ಲಿ ಇದನ್ನು ಮತ್ತೆ ಸ್ಪಷ್ಟಪಡಿಸಿದೆ. ಪರಿಶಿಷ್ಟ ಜಾತಿಯ ವ್ಯಕ್ತಿಯನ್ನು ಮದುವೆಯಾದ ಮಾತ್ರಕ್ಕೆ ಬೇರೆ ಜಾತಿಯಲ್ಲಿ ಹುಟ್ಟಿದ ಮಹಿಳೆಗೆ ಆ ಜಾತಿಯ ಪ್ರಮಾಣಪತ್ರ ಸಲ್ಲುವುದಿಲ್ಲ ಎಂದು ಅಲ್ಲಿ ತೀರ್ಮಾನವಾಯಿತು. ಅಂದಮೇಲೆ ಕಾವ್ಯಳ ಜಾತಿಗೆ ಆಧಾರ ಶಂಕರಪ್ಪ, ಮಂಜುನಾಥ ಅಲ್ಲ. ಪ್ರಮಾಣಪತ್ರದಲ್ಲಿ ಗಂಡನ ಹೆಸರು ಮಾತ್ರ ಇದ್ದರೆ ದಾಖಲೆ ಪರಿಶೀಲಿಸುವವರಿಗೆ ನ್ಯಾಯವಾದ ಒಂದು ಪ್ರಶ್ನೆ ಏಳುತ್ತದೆ: ಇದು ಈಕೆ ಹುಟ್ಟಿದ ಜಾತಿಯೋ, ಗಂಡನ ಮನೆಯದೋ? ಗಂಡ ಹೆಂಡಿರದು ಒಂದೇ ಜಾತಿಯಾಗಿದ್ದರೂ ಕಾಗದ ನೋಡುವವರಿಗೆ ಅದು ಗೊತ್ತಿರುವುದಿಲ್ಲ.

ಆದಾಯದ ವಿಷಯದಲ್ಲೂ ಹೀಗೆಯೇ. ಕೇಂದ್ರ ಸರ್ಕಾರದ ಹುದ್ದೆಗಳಿಗೆ ಹಿಂದುಳಿದ ವರ್ಗದವರು ಕೆನೆಪದರಕ್ಕೆ ಸೇರಿದ್ದಾರೋ ಇಲ್ಲವೋ ಎಂಬುದನ್ನು ತಂದೆತಾಯಿಯ ಸ್ಥಾನಮಾನದ ಮೇಲೆ ನೋಡುತ್ತಾರೆ, ಅಭ್ಯರ್ಥಿಯ ಅಥವಾ ಗಂಡನ ಸಂಬಳದ ಮೇಲಲ್ಲ. 1993ರ ಸೆಪ್ಟೆಂಬರ್ 8ರ ಆದೇಶದ ಪಟ್ಟಿ ನಿಂತಿರುವುದು ಅದರ ಮೇಲೆಯೇ. ರಾಜ್ಯದ ನೇಮಕಾತಿಯಾದರೆ ಮದುವೆಯಾದ ಮಹಿಳೆಯರು ಯಾರ ಆದಾಯದ ಪ್ರಮಾಣಪತ್ರ ಕೊಡಬೇಕು ಎಂಬುದನ್ನು ಅಧಿಸೂಚನೆಯ ಮೀಸಲಾತಿ ಭಾಗದಲ್ಲಿ ಓದಿ. ಪಕ್ಕದ ಮನೆಯವರು ಕಳೆದ ಸಲ ಏನು ಕೊಟ್ಟಿದ್ದರು ಎಂಬುದನ್ನು ನಂಬಬೇಡಿ. ಓದಿಯೂ ಅನುಮಾನ ಉಳಿದರೆ ಅದೇ ಅಧಿಸೂಚನೆಯಲ್ಲಿರುವ ಸಹಾಯವಾಣಿಯನ್ನು ಕೊನೆಯ ದಿನಕ್ಕೆ ಮೊದಲೇ ಕೇಳಿ.

ಕಾವ್ಯ ಏನು ಮಾಡಬೇಕಿತ್ತು? ನಾಡಕಚೇರಿಗೆ ಹೋಗುವಾಗ ಆಧಾರ್ ಜೊತೆಗೆ ತನ್ನ ಶಾಲೆಯ ವರ್ಗಾವಣೆ ಪತ್ರವನ್ನು ಮತ್ತು ತಂದೆಯ ಜಾತಿ ಪ್ರಮಾಣಪತ್ರವನ್ನು ಒಯ್ಯಬೇಕಿತ್ತು. ಸಂಬಂಧದ ಜಾಗದಲ್ಲಿ ತಂದೆಯ ಹೆಸರು ಬರಲಿ, ವಿಳಾಸ ಮಾತ್ರ ಈಗಿನದಿರಲಿ ಎಂದು ಬಾಯಿಬಿಟ್ಟು ಹೇಳಬೇಕಿತ್ತು. ಅರ್ಜಿ ಕೊಟ್ಟ ಕೂಡಲೇ ಸಿಗುವ ಸ್ವೀಕೃತಿ ಚೀಟಿಯನ್ನು ಅಲ್ಲೇ ನಿಂತು ಓದಿಕೊಂಡರೆ ತಪ್ಪು ಆಗಲೇ ಗೊತ್ತಾಗುತ್ತದೆ. ಪ್ರಮಾಣಪತ್ರ ಸಿದ್ಧವಾಗಿ ಅದಕ್ಕೆ RD ಸಂಖ್ಯೆ ಬಿದ್ದ ಮೇಲೆ ಗೊತ್ತಾದರೆ ಹೊಸ ಅರ್ಜಿಯೇ ಬೇಕಾಗಬಹುದು. ನೇಮಕಾತಿಯ ಆನ್‌ಲೈನ್ ಅರ್ಜಿಯಲ್ಲಿ ತುಂಬುವುದು ಇದೇ RD ಸಂಖ್ಯೆಯನ್ನು, ಹಳೆಯ ತಪ್ಪು ಪತ್ರದ ಸಂಖ್ಯೆ ಕೊಟ್ಟರೆ ತಪ್ಪೂ ಅದರೊಂದಿಗೆ ಹೋಗುತ್ತದೆ. ಅರ್ಜಿಯ ಕೊನೆಯ ದಿನದ ನಂತರ ಪಡೆದ ಪ್ರಮಾಣಪತ್ರವನ್ನು ಒಪ್ಪುವುದಿಲ್ಲ ಎಂಬ ಷರತ್ತು ಅಧಿಸೂಚನೆಗಳಲ್ಲಿ ಸಾಮಾನ್ಯ. ಹಾಗಾಗಿ ನಿಮ್ಮ ಪ್ರಮಾಣಪತ್ರವನ್ನು ಇವತ್ತೇ ತೆಗೆದು ನೋಡಿ. ಅದರಲ್ಲಿ ನಿಮ್ಮ ಹೆಸರಿನ ಮುಂದೆ ಯಾರ ಹೆಸರಿದೆ?

ತಂದೆಯ ಹೆಸರಿನ ಬಗ್ಗೆ ಇನ್ನೊಂದು ಸೂಕ್ಷ್ಮ. ಅಂಕಪಟ್ಟಿಯಲ್ಲಿ "ಶಂಕರಪ್ಪ ಹೆಚ್." ಎಂದಿದ್ದು ಪ್ಯಾನ್‌ನಲ್ಲಿ ಹೆಚ್ ಅಕ್ಷರವನ್ನು ಬಿಡಿಸಿ ಪೂರ್ಣ ಬರೆದಿದ್ದರೆ ಅದು ಇನಿಶಿಯಲ್‌ನ ವಿಸ್ತರಣೆ, ಗಾಬರಿ ಬೇಡ. ಒಂದು ಕಡೆ ಶಂಕರಪ್ಪ, ಇನ್ನೊಂದು ಕಡೆ ಶಂಕರಯ್ಯ ಎಂದಿದ್ದರೆ ಮಾತ್ರ ತಿದ್ದಿಸಿ. ನಮ್ಮ ಕಡೆ ಮನೆಯಲ್ಲಿ ಕರೆಯುವ ಹೆಸರು, ಶಾಲೆಗೆ ಬರೆಸಿದ ಹೆಸರು ಎಂದು ಎರಡು ಇರುವುದರಿಂದ ಇದು ಆಗಾಗ ಆಗುತ್ತದೆ. ಇಬ್ಬರೂ ಒಬ್ಬರೇ ಎಂದು ನೋಟರಿ ಮುಂದೆ ಮಾಡಿಸಿದ ಪ್ರಮಾಣಪತ್ರ, ಅಂದರೆ ಅಫಿಡವಿಟ್, ತಾತ್ಕಾಲಿಕವಾಗಿ ಕೆಲಸಕ್ಕೆ ಬರಬಹುದು. ಆದರೆ ಅದು ನಿಮ್ಮ ಹೇಳಿಕೆ ಅಷ್ಟೇ, ದಾಖಲೆಯನ್ನು ತಿದ್ದುವುದಿಲ್ಲ. ಒಪ್ಪುವುದೂ ಬಿಡುವುದೂ ನೋಡುವವರ ಕೈಯಲ್ಲಿರುತ್ತದೆ.

ತಂದೆಯ ಹೆಸರಿರುವ ದಾಖಲೆಗಳಿಗೂ ಗಂಡನ ಹೆಸರಿರುವ ದಾಖಲೆಗಳಿಗೂ ಕೊಂಡಿ ಎಲ್ಲಿ ಎಂದು ಯಾರಾದರೂ ಕೇಳಿದರೆ ವಿವಾಹ ನೋಂದಣಿ ಪತ್ರ ತೋರಿಸಿ. ಅದರಲ್ಲಿ ಸಾಮಾನ್ಯವಾಗಿ ವಧುವಿನ ತಂದೆಯ ಹೆಸರೂ ವರನ ಹೆಸರೂ ಒಂದೇ ಹಾಳೆಯಲ್ಲಿರುತ್ತವೆ. D/o ಶಂಕರಪ್ಪ ಮತ್ತು W/o ಮಂಜುನಾಥ ಒಬ್ಬಳೇ ಎಂದು ಹೇಳಲು ಅಷ್ಟು ಸಾಕು. ನಿಮ್ಮ ಮದುವೆ ಇನ್ನೂ ನೋಂದಣಿಯಾಗಿರದಿದ್ದರೆ ಈ ಅರ್ಜಿಯ ಫಲಿತಾಂಶ ಬರುವಷ್ಟರಲ್ಲಿ ಮಾಡಿಸಿಕೊಳ್ಳಿ.

ಕೊನೆಗೆ ಅಮ್ಮನ ಪಹಣಿ. ಹೌದು, "ಕೋಂ" ಎಂದರೆ W/o. ಹಳೆ ಮೈಸೂರು ಕಡೆಯ ಕಂದಾಯ ದಾಖಲೆಗಳಲ್ಲಿ S/o ಬದಲು "ಬಿನ್", W/o ಬದಲು "ಕೋಂ" ಬರೆಯುತ್ತಾರೆ. ಬಿನ್ ಅರಬ್ಬಿಯಿಂದ ಬಂದ ಪದ, ಮಗ ಎಂದೇ ಅರ್ಥ. ಉತ್ತರ ಕರ್ನಾಟಕದ ಕಡೆ ಇದೇ ಜಾಗದಲ್ಲಿ "ತಂದೆ", "ಗಂಡ" ಎಂದೋ "ತಂ", "ಗಂ" ಎಂದೋ ಕಾಣುತ್ತದೆ: ಯಲ್ಲಪ್ಪ ತಂದೆ ಭೀಮಪ್ಪ, ಲಕ್ಷ್ಮವ್ವ ಗಂಡ ಭೀಮಪ್ಪ. ಅಲ್ಲಿ "ಯಲ್ಲಪ್ಪ ತಂದೆ ಭೀಮಪ್ಪ" ಎಂಬುದನ್ನು ಯಲ್ಲಪ್ಪನು ಭೀಮಪ್ಪನ ತಂದೆ ಎಂದು ಓದಬಾರದು, ಯಲ್ಲಪ್ಪನ ತಂದೆ ಭೀಮಪ್ಪ ಎಂದು ಓದಬೇಕು. ಮಗಳಿಗೆ ಬಿನ್, ಕೋಂಗಳಷ್ಟು ರೂಢಿಯಾದ ಪದ ಈ ದಾಖಲೆಗಳಲ್ಲಿ ನೆಲೆಗೊಂಡಿಲ್ಲ ಎಂಬುದು ನನಗೆ ಯಾವಾಗಲೂ ನೋವು ತರುವ ಸಂಗತಿ. ಹೆಣ್ಣುಮಕ್ಕಳು ಆ ಕಾಗದಗಳಿಗೆ ಬರುತ್ತಿದ್ದುದು ಹೆಚ್ಚಾಗಿ ಹೆಂಡತಿಯಾಗಿ, ಇಲ್ಲವೇ ವಿಧವೆಯಾಗಿ.

ಈಗ ಹಾಗಿಲ್ಲ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಎಂದು 2005ರ ತಿದ್ದುಪಡಿ ಹೇಳಿದೆ. ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಹಾಗಾಗಿ ನಿಮ್ಮ ಅಮ್ಮನ ಪಹಣಿಯಲ್ಲಿ "ಕೋಂ" ಇರುವ ಜಮೀನು ಯಾವ ಕಡೆಯದು ಎಂದು ಕೇಳಿ ತಿಳಿದುಕೊಳ್ಳಿ. ನಿಮ್ಮ ಅಪ್ಪನ ಕಡೆಯದಾದರೆ ಇರುವುದು ಸರಿಯಾಗಿಯೇ ಇದೆ. ಅಜ್ಜನಿಂದ, ಅಂದರೆ ಅಮ್ಮನ ತವರಿನಿಂದ ಬಂದದ್ದಾದರೆ "ಕೋಂ" ಎಂದಿದ್ದ ಮಾತ್ರಕ್ಕೆ ಅವರ ಹಕ್ಕು ಹೋಗುವುದಿಲ್ಲ, ಆದರೆ ಆ ಜಮೀನು ಅವರಿಗೆ ಹೇಗೆ ಬಂತು ಎಂಬುದನ್ನು ಆ ಪದ ಹೇಳುವುದೂ ಇಲ್ಲ. ಅದನ್ನು ಹೇಳುವುದು ಅಜ್ಜನ ಕುಟುಂಬದ ವಂಶವೃಕ್ಷ ಮತ್ತು ಮ್ಯುಟೇಷನ್ ಪ್ರತಿ. ಎರಡನ್ನೂ ಪಡೆದು ಪಹಣಿಯ ಜೊತೆಗೇ ಇಟ್ಟುಕೊಳ್ಳಿ. ಮುಂದೆ ನಿಮ್ಮ ಹೆಸರಿಗೆ ಪೌತಿ ಖಾತೆ ಮಾಡಿಸುವ ಸಂದರ್ಭ ಬಂದಾಗ, ನಿಮ್ಮ ಹೆಸರಿನ ಮುಂದೆ ತಾಯಿಯ ಅಥವಾ ತಂದೆಯ ಹೆಸರು ಬರುವಂತೆ ಅರ್ಜಿಯಲ್ಲೇ ಬರೆದುಕೊಡಿ.